ಭಟ್ಟಿ ಹಚ್ಚಿದರೆ ಎಷ್ಟು ಮಾರಬೇಕು?

ಬ್ಯಾಡಗಿಯ ಒಂದು ಬೇಕರಿಯ ಹಿಂಬದಿಯ ಗೋಡೆಯ ಮೇಲೆ ಸೀಮೆಸುಣ್ಣದ ಗೀಟುಗಳಿವೆ. ಭಟ್ಟಿ ಒಮ್ಮೆ ಹಚ್ಚಿದರೆ ಒಂದು ಗೀಟು, ಐದನೆಯದು ಅಡ್ಡಗೀಟು. ತಿಂಗಳ ಕೊನೆಗೆ ಯಜಮಾನರು ಅವನ್ನು ಎಣಿಸಿ, ಕಟ್ಟಿಗೆಯವನ ಚೀಟಿಯೊಂದಿಗೆ ತಾಳೆ ನೋಡಿ ಒರೆಸಿಬಿಡುತ್ತಾರೆ. ಕಿರ್ದಿಯಲ್ಲಿ ಬನ್ನು, ಬ್ರೆಡ್ಡು, ಸಕ್ಕರೆ, ಡಾಲ್ಡಾ ಎಲ್ಲಕ್ಕೂ ಜಾಗವಿದೆ. ಬೆಂಕಿಗೆ ಮಾತ್ರ ಗೋಡೆ ಏಕೆ ಎಂದರೆ, ‘ಬನ್ನಿನ ಲೆಕ್ಕ ಬ್ಯಾರೆ, ಬೆಂಕಿ ಲೆಕ್ಕ ಬ್ಯಾರೆರಿ. ಹತ್ತು ಟ್ರೇ ಸುಟ್ರೂ ಅಷ್ಟ ಕಟ್ಟಿಗಿ, ನಲವತ್ತು ಸುಟ್ರೂ ಅಷ್ಟ’ ಎನ್ನುತ್ತಾರೆ.

ವಾಣಿಜ್ಯ ಪದವಿಯ ಪುಸ್ತಕಗಳಲ್ಲಿ ಬ್ರೇಕ್ ಈವನ್ ಎಂದು ಓದುವ ಪಾಠದ ತಿರುಳು ಈ ಎರಡು ಮಾತಿನಲ್ಲಿದೆ. ಎಷ್ಟು ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಜಾಗವನ್ನು ಹುಡುಕುವುದು ಸಣ್ಣ ಗಣಿತ. ಯಾವ ಖರ್ಚು ಮಾರಾಟದ ಜೊತೆ ಏರಿಳಿಯುತ್ತದೆ, ಯಾವುದು ಇಳಿಯದೆ ಕೂರುತ್ತದೆ ಎಂದು ಬೇರ್ಪಡಿಸುವುದೇ ಕಷ್ಟದ ಕೆಲಸ.

ಮೊದಲು ಭಟ್ಟಿಯನ್ನೇ ನೋಡಬೇಕು. ಇಟ್ಟಿಗೆಯ ಗುಮ್ಮಟದೊಳಗೆ ಕಟ್ಟಿಗೆ ಉರಿಸಿ, ಗೋಡೆ ಮತ್ತು ನೆಲ ಶಾಖ ಕುಡಿದ ಮೇಲೆ ಕೆಂಡ ಎಳೆದು, ಒದ್ದೆ ಗೋಣಿಯಿಂದ ನೆಲ ಒರೆಸುತ್ತಾರೆ. ಥರ್ಮಾಮೀಟರ್ ಇಲ್ಲ. ಭಟ್ಟಿ ಮಾಸ್ತರರು ಒಂದು ಚಿಟಿಕೆ ಮೈದಾ ಒಳಗೆ ಚೆಲ್ಲುತ್ತಾರೆ. ಕೂಡಲೇ ಕಪ್ಪಾದರೆ ಇನ್ನೂ ಕಾಯಬೇಕು, ನಿಧಾನಕ್ಕೆ ಕಂದಾದರೆ ಬನ್ನಿನ ಟ್ರೇ ಒಳಗೆ. ಆಮೇಲೆ ಇಡೀ ದಿನದ ಕೆಲಸ ಇಳಿಯುವ ಶಾಖದ ಬೆನ್ನು ಹಿಡಿದು ನಡೆಯುತ್ತದೆ. ಜೋರು ಕಾವಿಗೆ ಬನ್ನು, ಬ್ರೆಡ್ಡು, ಪಫ್. ಕಾವು ತಗ್ಗಿದಾಗ ಖಾರಾ ಬಿಸ್ಕತ್ತು, ಕೇಕು. ರಾತ್ರಿ ಉಳಿದ ಬಿಸುಪಿಗೆ ಕೊಯ್ದ ಬ್ರೆಡ್ಡು ಹರಡಿದರೆ ಬೆಳಿಗ್ಗೆಗೆ ಟೋಸ್ಟು. ಟೋಸ್ಟಿಗೆ ಒಂದು ಪೈಸೆಯ ಕಟ್ಟಿಗೆಯೂ ಹೆಚ್ಚುವರಿಯಾಗಿ ಬೀಳುವುದಿಲ್ಲ. ಭಟ್ಟಿ ಕಾದದ್ದು ಬನ್ನಿಗಾಗಿ, ಟೋಸ್ಟು ಆ ಕಾವಿನ ಋಣದಲ್ಲಿ ಬೇಯುತ್ತದೆ.

ಇತಿಹಾಸ ಕೇಳಿದರೆ ಯಜಮಾನರು ಚುಟುಕಾಗಿ ಮುಗಿಸುತ್ತಾರೆ. ಕರ್ನಾಟಕದ ಬೇಕರಿಯ ಕಥೆಯನ್ನು 1898ರಲ್ಲಿ ಹಾಸನ ಮೂಲದ ಅಯ್ಯಂಗಾರ್ ಸಹೋದರರು ಬೆಂಗಳೂರಿನಲ್ಲಿ ತೆರೆದ ಬಿ.ಬಿ. ಬೇಕರಿಯಿಂದ ಶುರು ಮಾಡುವುದು ವಾಡಿಕೆ. ಇವರ ತಂದೆ ಹಾಸನದ ಕಡೆಯವರ ಬೇಕರಿಯೊಂದರಲ್ಲಿ ಟ್ರೇ ತೊಳೆಯುತ್ತ ಕೆಲಸ ಕಲಿತರಂತೆ. 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಅಲ್ಲಿನ ಬಸ್ ನಿಲ್ದಾಣದ ಕಡೆ ಬಾಡಿಗೆ ಏರಿತು, ಅವರು ಬ್ಯಾಡಗಿಯಲ್ಲೇ ಉಳಿದರು. ಇದಿಷ್ಟೇ.

ಇಲ್ಲಿಂದ ಮುಂದಿನ ಅಂಕಿಗಳು ಮಾದರಿ ಅಂಕಿಗಳು. ಅವರ ಅಂಗಡಿಯ ಗುಟ್ಟು ಬಿಟ್ಟುಕೊಡದೆ, ಇಂಥದೊಂದು ಬೇಕರಿಯ ತಿಂಗಳ ಖರ್ಚನ್ನು ದುಂಡಾಗಿಸಿ ಬರೆದಿದ್ದೇನೆ. ಬಾಡಿಗೆ ₹12,000. ಮಾಸ್ತರರಿಗೆ ₹24,000, ಸಹಾಯಕನಿಗೆ ₹14,000, ಕೌಂಟರಿನ ಹುಡುಗನಿಗೆ ₹12,000. ಕರೆಂಟಿಗೆ ₹6,000, ಹಿಟ್ಟು ಕಲಸುವ ಯಂತ್ರದ ಸಾಲದ ಕಂತು ₹9,000, ರಿಪೇರಿ ಮತ್ತು ಚಿಲ್ಲರೆ ಖರ್ಚು ₹5,000. ಕಟ್ಟಿಗೆ ದಿನಕ್ಕೆ ₹600ರಂತೆ ₹18,000. ಎಲ್ಲ ಕೂಡಿದರೆ ಒಂದು ಲಕ್ಷ. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಸುಕಿನಿಂದ ರಾತ್ರಿ ಹತ್ತರವರೆಗೆ ಗಲ್ಲೆಯ ಮೇಲೆ ಕೂರುವ ಯಜಮಾನನ ಪಗಾರ ಎಲ್ಲಿಯೂ ಇಲ್ಲ. ಬೇರೆಯವರನ್ನು ಕೂರಿಸಿದರೆ ಕೊಡಬೇಕಾದ ₹20,000 ಸೇರಿಸಿದರೆ ಸ್ಥಿರ ವೆಚ್ಚ ₹1,20,000.

ಬದಲಾಗುವ ವೆಚ್ಚಕ್ಕೆ ಒಂದು ಬನ್ನು ಸಾಕು. ಹತ್ತು ಕಿಲೋ ಮೈದಾ ಕಲಸಿ, 80 ಗ್ರಾಂ ಹಿಟ್ಟಿನ ಉಂಡೆ ಕಟ್ಟಿದರೆ ಸುಮಾರು 220 ಬನ್ನು. ಮೈದಾ, ಸಕ್ಕರೆ, ಡಾಲ್ಡಾ, ಈಸ್ಟ್, ಕವರು ಸೇರಿ ₹640 ಎಂದುಕೊಳ್ಳಿ. ₹640ನ್ನು 220ರಿಂದ ಭಾಗಿಸಿ ಬನ್ನಿಗೆ ₹2.91 ಎಂದರೆ ಕೆಟ್ಟಿರಿ. ಚಹಾದಂಗಡಿಯಿಂದ ವಾಪಸು ಬಂದದ್ದು, ತಳ ಸೀದದ್ದು, ರಾತ್ರಿ ಉಳಿದದ್ದು ಸೇರಿ ಇಪ್ಪತ್ತು ಹೋದವು. ಮಾರಿದ್ದು 200, ಖರ್ಚು ಬನ್ನಿಗೆ ₹3.20. ಕೌಂಟರಿನಲ್ಲಿ ₹7, ಚಹಾದಂಗಡಿಗೆ ₹5, ಎರಡೂ ಅರ್ಧರ್ಧ ಹೋದರೆ ಸರಾಸರಿ ₹6. ಉಳಿದದ್ದು ₹2.80, ಅಂದರೆ ನೂರಕ್ಕೆ ನಲವತ್ತಾರು ಚಿಲ್ಲರೆ. ವಾಪಸು ಬರುವುದು ಇಪ್ಪತ್ತರಿಂದ ನಲವತ್ತಕ್ಕೆ ಏರಿದರೆ ಇದೇ ಬನ್ನಿನಲ್ಲಿ ನೂರಕ್ಕೆ ನಲವತ್ತೊಂದೂ ಉಳಿಯುವುದಿಲ್ಲ. ಮೈದಾ ದರ ಏರಿದ್ದು ಎಲ್ಲರಿಗೂ ಕಾಣುತ್ತದೆ, ವಾಪಸಿನ ಬುಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಭಟ್ಟಿಯ ಮಾಲಿನಲ್ಲಿ ಸರಾಸರಿ ಹೀಗೆ 46 ಉಳಿದರೂ, ಮಾರಾಟದ ಐದನೇ ಒಂದು ಪಾಲು ಹೊರಗಿನಿಂದ ತಂದ ಚಿಪ್ಸು, ತಂಪು ಪಾನೀಯ. ಅದರಲ್ಲಿ ಉಳಿಯುವುದು ನೂರಕ್ಕೆ ಹದಿನೈದು. ಎರಡೂ ಬೆರೆಸಿದರೆ ಅಂಗಡಿಗೆ ನೂರು ರೂಪಾಯಿ ಬಂದಾಗ ಉಳಿಯುವುದು ನಲವತ್ತು. ₹1,20,000ನ್ನು 0.40ರಿಂದ ಭಾಗಿಸಿದರೆ ₹3,00,000. ದಿನಕ್ಕೆ ಹತ್ತು ಸಾವಿರ. ತನ್ನ ಪಗಾರ ಬಿಟ್ಟು ಲೆಕ್ಕ ಹಾಕಿದವನಿಗೆ ₹2,50,000 ಸಾಕೆನಿಸುತ್ತದೆ. ₹2,55,000 ಮಾರಿದ ತಿಂಗಳು ಲಾಭ ಬಂತು ಎಂದು ಅವನು ಹೇಳಿಕೊಳ್ಳಬಹುದು. ಇಡೀ ತಿಂಗಳ ದುಡಿಮೆಗೆ ಅವನಿಗೆ ದಕ್ಕಿದ್ದು ₹2,000.

ಈಗ ಗೋಡೆಯ ಗೀಟಿನ ಮಹತ್ವ. ಕಟ್ಟಿಗೆಯನ್ನು ಮಾಲಿನ ಖರ್ಚಿಗೆ ಸೇರಿಸಿದರೆ ಏನಾಗುತ್ತದೆ? ಮೂರು ಲಕ್ಷಕ್ಕೆ ₹18,000 ಅಂದರೆ ನೂರಕ್ಕೆ ಆರು. ಉಳಿಯುವುದು 34, ಸ್ಥಿರ ವೆಚ್ಚ ₹1,02,000, ಉತ್ತರ ಮತ್ತೆ ಮೂರು ಲಕ್ಷವೇ. ಆ ಒಂದು ಜಾಗದಲ್ಲಿ ಎರಡು ಲೆಕ್ಕವೂ ಒಂದೇ ಆದ್ದರಿಂದ ತಪ್ಪು ಕಾಣುವುದಿಲ್ಲ. ಮಾರಾಟ ಎರಡು ಲಕ್ಷಕ್ಕೆ ಇಳಿದ ತಿಂಗಳು ಈ ಲೆಕ್ಕ ₹34,000 ನಷ್ಟ ತೋರಿಸುತ್ತದೆ, ನಿಜವಾದ ನಷ್ಟ ₹40,000. ಮಾರಾಟ ಕುಸಿದರೂ ಭಟ್ಟಿ ದಿನಾ ಉರಿದಿತ್ತಲ್ಲ.

ಹಾಗಾದರೆ ಮಂದ ದಿನ ಭಟ್ಟಿ ಹಚ್ಚದಿದ್ದರೆ? ಅದಕ್ಕೂ ಯಜಮಾನರ ಬಳಿ ಉತ್ತರವಿದೆ. ಒಂದು ದಿನ ಬಿಟ್ಟರೆ ಇಟ್ಟಿಗೆ ತಣ್ಣಗಾಗಿ ಮರುದಿನ ₹150ರ ಕಟ್ಟಿಗೆ ಹೆಚ್ಚು ತಿನ್ನುತ್ತದೆ. ಉಳಿಯುವುದು ₹450 ಮಾತ್ರ. ನೂರಕ್ಕೆ 46 ಉಳಿಸುವ ಮಾಲು ಸಾವಿರ ರೂಪಾಯಿಯದ್ದು ಹೆಚ್ಚುವರಿಯಾಗಿ ಹೋಗುವಂತಿದ್ದರೆ ಹಚ್ಚಬೇಕು, ಅದಕ್ಕಿಂತ ಕಡಿಮೆಯಾದರೆ ಬಿಡಬೇಕು. ಮಾಸ್ತರರದು ತಿಂಗಳ ಪಗಾರ, ಅದು ಹೇಗೂ ಹೋಗುತ್ತದೆ, ಈ ತೀರ್ಮಾನದಲ್ಲಿ ಅದನ್ನು ಎಣಿಸುವಂತಿಲ್ಲ.

ಉಳಿಯುವ ಪಾಲು ಮತ್ತು ಸ್ಥಿರ ವೆಚ್ಚ ಅತ್ತಿತ್ತ ಸರಿದರೆ ಏನಾಗುತ್ತದೆ ಎಂಬುದನ್ನು ಒಂದು ಪಟ್ಟಿಯಲ್ಲಿ ಇಡಬಹುದು. ಚೌಕದಲ್ಲಿರುವುದು ಅಸಲಿಗೆ ತಲುಪಲು ದಿನಕ್ಕೆ ಆಗಬೇಕಾದ ಮಾರಾಟ.

| ನೂರಕ್ಕೆ ಉಳಿಯುವುದು | ಸ್ಥಿರ ವೆಚ್ಚ ₹1,10,000 | ₹1,20,000 | ₹1,32,000 |
|---|---|---|---|
| 36 | ₹10,190 | ₹11,110 | ₹12,220 |
| 40 | ₹9,170 | ₹10,000 | ₹11,000 |
| 44 | ₹8,330 | ₹9,090 | ₹10,000 |

ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಮೂರೂ ಈ ಪಟ್ಟಿಯಲ್ಲಿವೆ. ಹಾವೇರಿಯ ಬಸ್ ನಿಲ್ದಾಣದ ಹತ್ತಿರ ಬಾಡಿಗೆ ದುಪ್ಪಟ್ಟು ಎಂದಿಟ್ಟುಕೊಂಡರೆ ಸ್ಥಿರ ವೆಚ್ಚ ₹1,32,000. ಆದರೆ ಅಲ್ಲಿ ಹೆಚ್ಚಿನದು ಕೈಗೆ ಕೈ ಮಾರಾಟ, ಉಳಿಯುವುದು 44. ದಿನಕ್ಕೆ ಮತ್ತೆ ಹತ್ತು ಸಾವಿರ, ಬ್ಯಾಡಗಿಯಷ್ಟೇ. ರಾಣೆಬೆನ್ನೂರಿನ ಗಲ್ಲಿಯೊಳಗೆ ಸುಟ್ಟು ಸುತ್ತಲಿನ ಹಳ್ಳಿಗಳಿಗೆ ಲೈನಿಗೆ ಹಾಕುವವರಿಗೆ ಬಾಡಿಗೆ, ಕೌಂಟರಿನ ಖರ್ಚು ತಗ್ಗಿ ಸ್ಥಿರ ವೆಚ್ಚ ₹1,10,000ಕ್ಕೆ ಇಳಿದರೂ ಅಂಗಡಿಯವರ ಕಮಿಷನ್ನಿಗೆ ಪಾಲು 36ಕ್ಕೆ ಇಳಿಯುತ್ತದೆ. ಅಗ್ಗದ ಜಾಗ ಹುಡುಕಿದ್ದಕ್ಕೆ ಸಿಕ್ಕ ಬಹುಮಾನ, ದಿನಕ್ಕೆ ₹190 ಹೆಚ್ಚು ಮಾರುವ ಜವಾಬ್ದಾರಿ.

ದರವನ್ನೇ ಏರಿಸಬಾರದೇಕೆ? ಎಲ್ಲ ಮಾಲಿಗೆ ನೂರಕ್ಕೆ ಐದು ಏರಿಸಿ ಗಿರಾಕಿ ಕಡಿಮೆಯಾಗದಿದ್ದರೆ ಮೂರು ಲಕ್ಷದ ಗಡಿ ₹2,80,000ಕ್ಕೆ ಇಳಿಯುತ್ತದೆ. ಆದರೆ ಐದು ರೂಪಾಯಿಯ ಬನ್ನಿಗೆ ನಾಲ್ಕಾಣೆ ಏರಿಸಲು ಚಿಲ್ಲರೆಯೇ ಇಲ್ಲ. ಏರಿಸಿದರೆ ಇಡೀ ರೂಪಾಯಿ, ಅಂದರೆ ನೂರಕ್ಕೆ ಇಪ್ಪತ್ತು. ಆಗ ಚಹಾದಂಗಡಿಯವ ಲೈನಿನ ವ್ಯಾನಿಗೆ ಕೈ ಎತ್ತುತ್ತಾನೆ. ಹಾಗಾಗಿ ಉಂಡೆ 80 ಗ್ರಾಂನಿಂದ 75ಕ್ಕೆ ಇಳಿಯುತ್ತದೆ, ಅದೇ ಹಿಟ್ಟಿಗೆ ಹದಿನಾಲ್ಕು ಬನ್ನು ಹೆಚ್ಚು. ತೂಕ ಅಚ್ಚಾದ ಬ್ರೆಡ್ಡಿನ ಪೊಟ್ಟಣಕ್ಕೆ ಈ ಉಪಾಯ ನಡೆಯದು.

ಪಟ್ಟಿ ಹೇಳದೆ ಬಿಡುವ ಸಂಗತಿಯೊಂದಿದೆ, ಬ್ಯಾಡಗಿಗೆ ಅದೇ ದೊಡ್ಡದು: ಮೆಣಸಿನಕಾಯಿ ಸುಗ್ಗಿ. ಜನವರಿಯಿಂದ ನಾಲ್ಕು ತಿಂಗಳು, ಅದರಲ್ಲೂ ಸೋಮವಾರ ಮತ್ತು ಗುರುವಾರದ ಮಾರುಕಟ್ಟೆಗೆ, ರೈತರು, ಹಮಾಲರು, ಲಾರಿಯವರು, ತೊಟ್ಟು ಬಿಡಿಸುವ ಹೆಂಗಸರು ಊರು ತುಂಬುತ್ತಾರೆ. ಚಹಾ, ಬನ್ನು ಅವರ ಬೆಳಗಿನ ಊಟ. ಸುಗ್ಗಿಯ ನಾಲ್ಕು ತಿಂಗಳು ₹4,20,000ರಂತೆ, ಉಳಿದ ಎಂಟು ತಿಂಗಳು ₹2,50,000ರಂತೆ ಮಾರಿದರೆ ಸುಗ್ಗಿಯಲ್ಲಿ ₹1,92,000 ಬಂದು, ಆಮೇಲೆ ₹1,60,000 ಕರಗಿ, ವರ್ಷಕ್ಕೆ ₹32,000 ನಿಲ್ಲುತ್ತದೆ. 2024ರ ಮಾರ್ಚ್ 11ರಂದು ಬೆಲೆ ಕುಸಿತಕ್ಕೆ ಸಿಟ್ಟಿಗೆದ್ದ ರೈತರು ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಇಟ್ಟಿದ್ದು ನೆನಪಿರಬಹುದು. ಸುಗ್ಗಿಯ ಒಂದೇ ತಿಂಗಳು ಮಂದ ತಿಂಗಳಂತಾದರೆ ಸಾಕು, ನಮ್ಮ ಮಾದರಿ ಬೇಕರಿ ವರ್ಷಕ್ಕೆ ₹36,000 ನಷ್ಟಕ್ಕೆ ಬೀಳುತ್ತದೆ.

ಇದೇ ಬೇಕರಿಯ ವರ್ಷದ ವಹಿವಾಟು ₹36,80,000. ಸರಕು ಮಾರುವವರ ಜಿಎಸ್‌ಟಿ ನೋಂದಣಿಯ ಮಿತಿ ₹40 ಲಕ್ಷ. 2025ರ ಜುಲೈನಲ್ಲಿ ಯುಪಿಐ ಜಮೆಯನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ನಾಲ್ಕು ವರ್ಷದ ₹1.63 ಕೋಟಿ ವಹಿವಾಟಿಗೆ ₹29 ಲಕ್ಷ ಕೇಳಿಸಿಕೊಂಡವರು ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿ. ಆಗ ಎಷ್ಟೋ ಕೌಂಟರುಗಳಿಂದ ಕ್ಯೂಆರ್ ಕೋಡ್ ಮಾಯವಾಯಿತು. ಹೊರಗಿನವರಿಗೆ ದೊಡ್ಡದಾಗಿ ಕಾಣುವ ಮೂವತ್ತೇಳು ಲಕ್ಷದಲ್ಲಿ ಯಜಮಾನನ ಪಗಾರ ಕಳೆದು ಉಳಿಯುವುದು ಮೂವತ್ತೆರಡು ಸಾವಿರ.

ಡೀಸೆಲ್ ರೋಟರಿ ಓವನ್ ಹಾಕಿಸುವ ಮಾತು ಯಜಮಾನರ ಮನೆಯಲ್ಲಿ ನಡೆದಿದೆ. ಮಗನ ಒತ್ತಾಯ. ಕಟ್ಟಿಗೆಯ ₹18,000 ಹೋಗಿ, ಓವನ್ನು, ಜನರೇಟರಿನ ಕಂತು ₹30,000 ಬಂದು ಕೂತರೆ ಸ್ಥಿರ ವೆಚ್ಚ ₹1,32,000. ಡೀಸೆಲ್ಲಿಗೆ ನೂರಕ್ಕೆ ನಾಲ್ಕು ಹೋದರೆ ಉಳಿಯುವುದು 36. ಪಟ್ಟಿಯ ಬಲತುದಿಯ ಮೇಲಿನ ಚೌಕ ಅದು, ದಿನಕ್ಕೆ ₹12,220. ವರ್ಷಕ್ಕೆ 44 ಲಕ್ಷ ಮಾರಬೇಕು. ಈ ಊರಿನಲ್ಲಿ ಅದು ಆಗದ ಮಾತು.

ಮಗ ಇನ್ನೊಂದು ಸಾಲು ಬರೆದು ತೋರಿಸಿದ್ದಾನೆ. ರೋಟರಿ ಓವನ್ನಿಗೆ ಕಾವು ಬಲ್ಲವರು ಬೇಕಿಲ್ಲ, ಗುಂಡಿ ತಿರುಗಿಸಲು ಸಹಾಯಕ ಸಾಕು. ಮಾಸ್ತರರ ₹24,000 ತೆಗೆದರೆ ಸ್ಥಿರ ವೆಚ್ಚ ₹1,08,000, ಗಡಿ ಮತ್ತೆ ಮೂರು ಲಕ್ಷ. ಲೆಕ್ಕದಲ್ಲಿ ತಪ್ಪಿಲ್ಲ, ನಾನೂ ಮಾಡಿ ನೋಡಿದೆ. ‘ಅಂವಾ ಬರದದ್ದು ಖರೇ ಐತ್ರಿ. ಆದ್ರ ಅವ್ರು ನಮ್ಮಪ್ಪನ ಕಾಲದಿಂದ ಅದಾರ’ ಎಂದರು ಯಜಮಾನರು. ಮಾಸ್ತರರಿಗೆ ಅರವತ್ತು ದಾಟಿದೆ. ಅವರ ಕೈಕೆಳಗೆ ಕಾವು ಕಲಿಯಲೆಂದು ಸೇರಿದ್ದ ಹುಡುಗ ಸುಗ್ಗಿ ಮುಗಿಯುವ ಮೊದಲೇ ರಾಣೆಬೆನ್ನೂರಿನ ಬೀಜದ ಗೋದಾಮೊಂದಕ್ಕೆ ಕೆಲಸಕ್ಕೆ ಹೋದನಂತೆ, ಅಲ್ಲಿ ಭಾನುವಾರ ರಜೆ.