ಮಾರ್ಚ್ 31ರ ಎಂಟ್ರಿ, ಏಪ್ರಿಲ್ 9ರ ರಾತ್ರಿ

2002ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ವರ್ಲ್ಡ್‌ಕಾಂ ಟೆಲಿಫೋನ್ ಕಂಪನಿಯ ಆಂತರಿಕ ಲೆಕ್ಕಪರಿಶೋಧಕ ಜೀನ್ ಮೋರ್ಸ್ ಕಂಪನಿಯ ಲೆಡ್ಜರನ್ನು ಕಂಪ್ಯೂಟರಿನಲ್ಲಿ ಜಾಲಾಡುತ್ತಿದ್ದಾಗ 50 ಕೋಟಿ ಡಾಲರಿನ ಒಂದು ಮೊತ್ತ ಸಿಕ್ಕಿತು. ಕಂಪ್ಯೂಟರಿಗೆ ಮಾಡಿದ ಬಂಡವಾಳ ವೆಚ್ಚ ಎಂದು ಅದನ್ನು ಬರೆದಿಟ್ಟಿದ್ದರು. ಬಿಲ್ಲೂ ಇರಲಿಲ್ಲ, ಮಂಜೂರಾತಿಯ ಕಾಗದವೂ ಇರಲಿಲ್ಲ. ಮೋರ್ಸ್ ಅವರ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ತಂಡದವರು ಆ ಎಳೆ ಹಿಡಿದು ಹೋದಾಗ ಅಂಥದೇ ಎಂಟ್ರಿಗಳು ಐದು ತ್ರೈಮಾಸಿಕಗಳಲ್ಲಿ ಸಿಕ್ಕವು. ಬೇರೆ ಕಂಪನಿಗಳ ತಂತಿಜಾಲ ಬಳಸಿದ್ದಕ್ಕೆ ಕೊಟ್ಟ ಶುಲ್ಕ, ಅಂದರೆ ಅಪ್ಪಟ ದೈನಂದಿನ ಖರ್ಚು, ಆಸ್ತಿಯ ಖಾತೆಗೆ ಹೋಗಿ ಕೂತಿತ್ತು. ಜೂನ್ 25ರಂದು ಕಂಪನಿ ಬಾಯಿಬಿಟ್ಟಾಗ ಮೊತ್ತ 380 ಕೋಟಿ ಡಾಲರ್ ದಾಟಿತ್ತು. ಜುಲೈ 21ರಂದು ಅದು ದಿವಾಳಿ ಅರ್ಜಿ ಹಾಕಿತು.

ಅಷ್ಟು ದೊಡ್ಡ ಮೋಸಕ್ಕೆ ಬಳಸಿದ ವಿಧಾನ ಮಾತ್ರ ಬಿ.ಕಾಂ. ಮೊದಲ ವರ್ಷದ ಪಾಠ. ನೂರು ರೂಪಾಯಿ ಖರ್ಚನ್ನು ಖರ್ಚೆಂದೇ ಬರೆದರೆ ಈ ವರ್ಷದ ಲಾಭದಲ್ಲಿ ನೂರೂ ಕಡಿಮೆಯಾಗುತ್ತದೆ. ಅದನ್ನೇ ಹದಿನೈದು ವರ್ಷ ಬಾಳುವ ಆಸ್ತಿ ಎಂದು ಬರೆದರೆ ಸವಕಳಿಯ ಲೆಕ್ಕದಲ್ಲಿ ಈ ವರ್ಷ ಏಳು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಒಂದು ಜರ್ನಲ್ ಎಂಟ್ರಿ ಸಾಕು: ಆಸ್ತಿಗೆ ಡೆಬಿಟ್, ಖರ್ಚಿಗೆ ಕ್ರೆಡಿಟ್. ಹಣ ಎಲ್ಲಿಗೂ ಹೋಗಿಲ್ಲ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಏನೂ ಕಾಣುವುದಿಲ್ಲ, ಲಾಭ ಮಾತ್ರ ಹಿಗ್ಗಿರುತ್ತದೆ.

ಈಗ ಕಂಪನಿಗಳ ಲೆಕ್ಕವೆಲ್ಲ ಇಆರ್‌ಪಿ ತಂತ್ರಾಂಶದೊಳಗೆ ನಡೆಯುತ್ತದೆ. ಗೋದಾಮಿಗೆ ಸರಕು ಬಂದಾಗ, ಇನ್‌ವಾಯ್ಸ್ ಕಳಿಸಿದಾಗ, ಸಂಬಳ ಬಟವಾಡೆಯಾದಾಗ ಜರ್ನಲ್ ಎಂಟ್ರಿ ತಾನಾಗಿಯೇ ಹುಟ್ಟುತ್ತದೆ. ಒಬ್ಬ ವ್ಯಕ್ತಿ ಕೂತು, ಖಾತೆಗಳನ್ನು ತಾನೇ ಆರಿಸಿ ಹಾಕುವ ಎಂಟ್ರಿಗಳು ಅಷ್ಟರಲ್ಲಿ ಬೆರಳೆಣಿಕೆಯಷ್ಟು. ಲೆಕ್ಕವನ್ನು ಬೇಕಾದಂತೆ ಬಗ್ಗಿಸಲು ಅನುಕೂಲವಿರುವುದು ಅಲ್ಲಿಯೇ. ಹಾಗಾಗಿ ನಮ್ಮ ಕಸುಬಿನವರು ಮೊದಲು ಹುಡುಕುವುದೂ ಅಲ್ಲಿಯೇ.

ಹುಡುಕುವ ಬಗೆ ತಿಳಿಯಲು ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಇದೆ ಎಂದುಕೊಳ್ಳೋಣ. ಅಂಕಿಗಳು ಕಲ್ಪಿತ, ನಡೆಯುವ ರೀತಿ ಕಲ್ಪಿತವಲ್ಲ. ಅವರದು ಎಸ್‌ಎಪಿ. 2025ರ ಮಾರ್ಚ್ 31ಕ್ಕೆ ಮುಗಿದ ತ್ರೈಮಾಸಿಕದಲ್ಲಿ 1,10,000 ಎಂಟ್ರಿಗಳು. ಅದರಲ್ಲಿ ಕೈಯಿಂದ ಹಾಕಿದವು 2,300.

ಎಂಟ್ರಿಗಳನ್ನು ಓದುವ ಮೊದಲು ಒಂದು ಬೇಸರದ ಕೆಲಸವಿದೆ. ನಮಗೆ ಸಿಕ್ಕ ಫೈಲಿನಲ್ಲಿ ಎಲ್ಲ ಎಂಟ್ರಿಗಳೂ ಇವೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಪ್ರತಿ ಖಾತೆಯ ಆರಂಭದ ಶಿಲ್ಕಿಗೆ ಫೈಲಿನಲ್ಲಿರುವ ಡೆಬಿಟ್ ಕ್ರೆಡಿಟ್‌ಗಳನ್ನು ಸೇರಿಸಿದರೆ ಟ್ರಯಲ್ ಬ್ಯಾಲೆನ್ಸಿನ ಕೊನೆಯ ಶಿಲ್ಕು ಬರಬೇಕು. ಬಾರದಿದ್ದರೆ ಏನೋ ತಪ್ಪಿಹೋಗಿದೆ. ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ. ಎಕ್ಸೆಲ್ ಹಾಳೆಯಲ್ಲಿ 10,48,576 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಒಂದೊಂದು ಎಂಟ್ರಿಗೂ ಹತ್ತಾರು ಸಾಲು ಇರುವ ಕಡೆ ಬಾಲ ಕತ್ತರಿಸಿಹೋಗುತ್ತದೆ. ಇನ್ನೊಂದು ಇನ್ನೂ ಸೂಕ್ಷ್ಮ. ಎಸ್‌ಎಪಿಯಲ್ಲಿ ವರ್ಷಕ್ಕೆ ಹನ್ನೆರಡು ಅವಧಿಗಳಲ್ಲದೆ, ವರ್ಷಾಂತ್ಯದ ಹೊಂದಾಣಿಕೆಗೆಂದೇ 13ರಿಂದ 16ರವರೆಗೆ ನಾಲ್ಕು ವಿಶೇಷ ಅವಧಿಗಳಿವೆ. ‘ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು ಕೊಡಿ’ ಎಂದು ಐಟಿ ವಿಭಾಗಕ್ಕೆ ಕೇಳಿದರೆ ಅವರು 1ರಿಂದ 12 ಹಾಕಿ ಕಳಿಸಿಬಿಡುತ್ತಾರೆ. ಅವರ ತಪ್ಪೇನಿಲ್ಲ. ಆದರೆ ನೋಡಲೇಬೇಕಾದ ಎಂಟ್ರಿಗಳಲ್ಲಿ ಬಹಳಷ್ಟು ಇರುವುದು ಆ ಹದಿಮೂರನೆಯ ತಿಂಗಳಿನಲ್ಲಿ.

ಶಿಲ್ಕು ತಾಳೆಯಾಯಿತು. ಇನ್ನು ಸೋಸುವುದು. ಎಸ್‌ಎಪಿಯ BKPF ಎಂಬ ಟೇಬಲ್ಲಿನಲ್ಲಿ ಪ್ರತಿ ಎಂಟ್ರಿಯ ತಲೆಬರಹವಿರುತ್ತದೆ. ಎಂಟ್ರಿ ಯಾವ ದಿನದ ಲೆಕ್ಕಕ್ಕೆ ಸೇರಬೇಕು ಎಂಬುದು BUDAT. ಅದನ್ನು ನಿಜಕ್ಕೂ ಕಂಪ್ಯೂಟರಿಗೆ ಹಾಕಿದ ದಿನ CPUDT. ಮೊದಲನೆಯದನ್ನು ಹಾಕುವವರೇ ಆರಿಸುತ್ತಾರೆ, ಎರಡನೆಯದನ್ನು ಯಂತ್ರ ಬರೆದುಕೊಳ್ಳುತ್ತದೆ. ಮಾರ್ಚ್ ಲೆಕ್ಕದ ಹೆಸರಿನಲ್ಲಿ ಏಪ್ರಿಲ್‌ನಲ್ಲಿ ಕೈಯಿಂದ ಹಾಕಿದವು ಯಾವುವು ಎಂದು ಕೇಳಿದಾಗ ನಮ್ಮ ಕಾರ್ಖಾನೆಯ 2,300 ಎಂಟ್ರಿಗಳು 410ಕ್ಕೆ ಇಳಿದವು. ಇವುಗಳಲ್ಲಿ ಬಹುಪಾಲು ತೀರ ಸಾಧಾರಣ. ಬಾರದ ಕರೆಂಟ್ ಬಿಲ್ಲಿಗೆ, ಕೊಡಬೇಕಾದ ಬೋನಸ್ಸಿಗೆ ತೆಗೆದಿಟ್ಟ ಮೊತ್ತಗಳು. ಪ್ರತಿ ತ್ರೈಮಾಸಿಕವೂ ಬರುತ್ತವೆ, ಮುಂದಿನ ತಿಂಗಳು ತಿರುಗಿ ಹೋಗುತ್ತವೆ. ಹಿಂದಿನ ನಾಲ್ಕು ತ್ರೈಮಾಸಿಕಗಳಲ್ಲಿ ಕಂಡಿರುವ ಖಾತೆ-ಜೋಡಿಗಳನ್ನು ಪಕ್ಕಕ್ಕಿಟ್ಟರೆ ಉಳಿದದ್ದು 60.

ಆ ಅರವತ್ತರಲ್ಲಿ ಮೂರರ ಜೋಡಿ ಒಂದೇ: ಯಂತ್ರೋಪಕರಣಕ್ಕೆ ಡೆಬಿಟ್, ದುರಸ್ತಿ ಮತ್ತು ನಿರ್ವಹಣೆಗೆ ಕ್ರೆಡಿಟ್. 48.5 ಲಕ್ಷ, 49 ಲಕ್ಷ, 47.2 ಲಕ್ಷ. ಮೂರೂ ಮಾರ್ಚ್ 31ರ ಲೆಕ್ಕಕ್ಕೆ. ಹಾಕಿದ್ದು ಏಪ್ರಿಲ್ 9ರ ರಾತ್ರಿ ಹತ್ತೂಮುಕ್ಕಾಲಿನ ಸುಮಾರಿಗೆ, ಹನ್ನೆರಡು ನಿಮಿಷದೊಳಗೆ, ಒಬ್ಬರೇ. ವಿವರಣೆಯ ಜಾಗದಲ್ಲಿ ‘ಮರುವರ್ಗೀಕರಣ’ ಎಂಬ ಒಂದೇ ಪದ. ಕಂಪನಿಯ ನಿಯಮದಂತೆ 50 ಲಕ್ಷ ಮೀರಿದ ಎಂಟ್ರಿಗೆ ಹಣಕಾಸು ಮುಖ್ಯಸ್ಥರ ಒಪ್ಪಿಗೆ ಬೇಕು.

ರಾತ್ರಿ ಹೊತ್ತಿನ ಎಂಟ್ರಿ ಎಂದ ಕೂಡಲೇ ಹುಬ್ಬೇರಿಸುವವರಿದ್ದಾರೆ. ಸ್ವಲ್ಪ ತಡೆಯಬೇಕು. ಯಂತ್ರ ಬರೆದುಕೊಳ್ಳುವುದು ಸರ್ವರಿನ ಗಡಿಯಾರವನ್ನು. ಮಾತೃಸಂಸ್ಥೆ ಜರ್ಮನಿಯಲ್ಲಿದ್ದು ಸರ್ವರೂ ಅಲ್ಲೇ ಇದ್ದರೆ, ಚಳಿಗಾಲದಲ್ಲಿ ಬೆಂಗಳೂರಿನವರು ಬೆಳಿಗ್ಗೆ 9ಕ್ಕೆ ಹಾಕಿದ ಎಂಟ್ರಿ ನಸುಕಿನ 4:30ಕ್ಕೆ ಹಾಕಿದಂತೆ ಕಾಣುತ್ತದೆ. ವರ್ಷಾಂತ್ಯದಲ್ಲಿ ಅಕೌಂಟ್ಸ್ ವಿಭಾಗ ಹನ್ನೊಂದರವರೆಗೆ ಕೂರುವುದು ಹೊಸದೇನೂ ಅಲ್ಲ. ಗುಂಡುಸಂಖ್ಯೆ, ರಜಾದಿನ, ರಾತ್ರಿ ಹೊತ್ತು, ಇವುಗಳಲ್ಲಿ ಯಾವುದೊಂದೂ ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಸಂಖ್ಯೆಗಳ ಮೊದಲ ಅಂಕಿ ಎಷ್ಟು ಸಲ ಬರಬೇಕೆಂದು ಹೇಳುವ ಬೆನ್‌ಫೋರ್ಡ್ ನಿಯಮಕ್ಕೂ ಸೆಮಿನಾರುಗಳಲ್ಲಿ ಸಿಗುವ ಚಪ್ಪಾಳೆ ಜಾಸ್ತಿ, ಜರ್ನಲ್ ಎಂಟ್ರಿಗಳಲ್ಲಿ ಸಿಗುವ ಫಲ ಕಡಿಮೆ ಎಂಬುದು ನನ್ನ ಅನಿಸಿಕೆ. ಇಲ್ಲಿ ಕಣ್ಣಿಗೆ ಬಿದ್ದದ್ದು ಖಾತೆಗಳ ಜೋಡಿ. ಹೊತ್ತು, ಮೊತ್ತ, ವಿವರಣೆ ಅದರ ಬೆನ್ನಿಗೆ ಬಂದವು.

ಇಲ್ಲಿಂದ ಮುಂದೆ ಕಂಪ್ಯೂಟರಿನ ಕೆಲಸ ಕಡಿಮೆ. ಕಾರ್ಖಾನೆಗೆ ನಿಜವಾದ ಯಂತ್ರ ಬಂದರೆ ಖರೀದಿ ಆದೇಶ ಇರುತ್ತದೆ, ಸರಕು ಸ್ವೀಕರಿಸಿದ ರಸೀದಿ ಇರುತ್ತದೆ, ಆಸ್ತಿಗೊಂದು ಸಂಖ್ಯೆ ಆಗಲೇ ಬಿದ್ದಿರುತ್ತದೆ. ಇಲ್ಲಿ ಮೂರೂ ಆಸ್ತಿ ಸಂಖ್ಯೆಗಳು ಹುಟ್ಟಿದ್ದು ಅದೇ ಏಪ್ರಿಲ್ 9ರಂದು. ಎಂಟ್ರಿ ಹಾಕಿದವರನ್ನು ಕೇಳಿದರೆ, “ಮೇಲಿಂದ ಶೀಟ್ ಬಂತು ಸಾರ್, ಹಾಗೇ ಹಾಕಿದೆ” ಎನ್ನುತ್ತಾರೆ. ಅದು ಸುಳ್ಳೇ ಆಗಿರಬೇಕಿಲ್ಲ. ಶೀಟ್ ತರಿಸಿ, ಅದರ ಹಿಂದಿನ ಮೂಲ ಬಿಲ್ಲುಗಳನ್ನು ತೆಗೆಸಬೇಕು.

ತೆಗೆಸಿದಾಗ 48.5 ಲಕ್ಷದ ಎಂಟ್ರಿ ಸರಿಯಾಗಿಯೇ ಇತ್ತು. ಒಂದು ಪ್ರೆಸ್ಸಿನ ಹೈಡ್ರಾಲಿಕ್ ವ್ಯವಸ್ಥೆಯನ್ನೇ ಪೂರ್ತಿ ಬದಲಿಸಿ ಅದರ ಆಯಸ್ಸು ಹೆಚ್ಚಿಸಿದ್ದರು. ಮೊದಲು ದುರಸ್ತಿ ಎಂದು ಬರೆದದ್ದೇ ತಪ್ಪಾಗಿತ್ತು. ಉಳಿದೆರಡರ ಹಿಂದೆ ಇದ್ದದ್ದು ಎಣ್ಣೆ, ಬೇರಿಂಗ್, ವಾರ್ಷಿಕ ನಿರ್ವಹಣಾ ಗುತ್ತಿಗೆಯ ಬಿಲ್ಲುಗಳು. ಯಂತ್ರ ಇದ್ದ ಹಾಗೆಯೇ ಓಡಲು ಮಾಡುವ ಇಂಥ ವೆಚ್ಚ ಲೆಕ್ಕಶಾಸ್ತ್ರದ ಮಾನದಂಡಗಳ ಪ್ರಕಾರ ಖರ್ಚೇ ಹೊರತು ಆಸ್ತಿಯಲ್ಲ. ಅಂದರೆ 96.2 ಲಕ್ಷ ಲಾಭ ಇಲ್ಲದ್ದು. ಸದುದ್ದೇಶದ ತಪ್ಪೋ, ಬ್ಯಾಂಕಿಗೆ ತೋರಿಸಲು ಬೇಕಿದ್ದ ಲಾಭವೋ ಎಂಬುದನ್ನು ದತ್ತಾಂಶ ಹೇಳುವುದಿಲ್ಲ. ಅದಕ್ಕೆ ಶೀಟ್ ಕಳಿಸಿದವರೊಂದಿಗೆ, ಬೇರೊಬ್ಬರನ್ನು ಜೊತೆಗಿಟ್ಟುಕೊಂಡು, ಮಾತಾಡಬೇಕು.

ಇನ್ನೊಂದು ಪ್ರಶ್ನೆ ಉಳಿಯಿತು: ತಡೆಯಬೇಕಾದ ನಿಯಂತ್ರಣ ಏನಾಯಿತು? ಮೊತ್ತ ಎಷ್ಟೇ ಇರಲಿ, ಒಬ್ಬರು ಎಂಟ್ರಿಯನ್ನು ‘ಪಾರ್ಕ್’ ಮಾಡಬೇಕು, ಇನ್ನೊಬ್ಬರು ನೋಡಿ ‘ಪೋಸ್ಟ್’ ಮಾಡಬೇಕು ಎಂದು ಈ ಕಂಪನಿಯ ಕೈಪಿಡಿಯಲ್ಲಿದೆ. ಇದನ್ನು ಪರೀಕ್ಷಿಸುವ ರೂಢಿಯ ಕ್ರಮವೆಂದರೆ 25 ಎಂಟ್ರಿಗಳನ್ನು ಯಾದೃಚ್ಛಿಕವಾಗಿ ಎತ್ತಿ, ಪ್ರತಿಯೊಂದರಲ್ಲೂ ಎರಡು ಸಹಿ ಇವೆಯೇ ಎಂದು ನೋಡುವುದು. ಆದರೆ ಎಸ್‌ಎಪಿಯಲ್ಲಿ ಪಾರ್ಕ್ ಮಾಡಿದವರ ಹೆಸರು PPNAM ಎಂಬಲ್ಲಿ, ಪೋಸ್ಟ್ ಮಾಡಿದವರದು USNAM ಎಂಬಲ್ಲಿ ಇರುತ್ತದೆ. 2,300ಕ್ಕೆ 2,300ನ್ನೂ ಒಂದೇ ಸಲ ಹೋಲಿಸಬಹುದು. ಹೋಲಿಸಿದಾಗ 88 ಎಂಟ್ರಿಗಳಲ್ಲಿ PPNAM ಖಾಲಿ ಇತ್ತು. ಯಾರೂ ಪಾರ್ಕ್ ಮಾಡಿಲ್ಲ, ನೇರ ಪೋಸ್ಟ್. ನಮ್ಮ ಮೂರೂ ಅದರೊಳಗೇ ಇದ್ದವು.

ಹಳೆಯ ಕ್ರಮದಲ್ಲೇ 25 ಎತ್ತಿದ್ದರೆ? ಆ 88ರಲ್ಲಿ ಒಂದೂ ಕೈಗೆ ಸಿಗದೆ ‘ನಿಯಂತ್ರಣ ಸರಿಯಾಗಿದೆ’ ಎಂದು ಬರೆಯುವ ಸಂಭವ ನೂರಕ್ಕೆ ಸುಮಾರು 37. ಆ ಮೂರರಲ್ಲಿ ಒಂದಾದರೂ ಸಿಗುವ ಸಂಭವವಂತೂ ನೂರಕ್ಕೆ ಮೂರು ಅಷ್ಟೆ. ಮಾದರಿ ಪರೀಕ್ಷೆ ಬೇಡವೆಂದಲ್ಲ. ಬಿಲ್ಲು ಓದುವ, ಜನರನ್ನು ಕೇಳುವ ಕೆಲಸಕ್ಕೆ ಅದು ಈಗಲೂ ಬೇಕು. ಸೋಸಿ ಉಳಿದ ಅರವತ್ತನ್ನಲ್ಲದೆ, ಸೋಸಿ ಬಿಟ್ಟವುಗಳಿಂದಲೂ ಒಂದಿಷ್ಟನ್ನು ಯಾದೃಚ್ಛಿಕವಾಗಿ ಎತ್ತಿ ನೋಡಬೇಕು, ಜರಡಿಯ ಕಣ್ಣೇ ದೊಡ್ಡದಿದ್ದರೆ ಅಲ್ಲಿ ಗೊತ್ತಾಗುತ್ತದೆ.

ನೇರ ಪೋಸ್ಟ್ ಸಾಧ್ಯವಾದದ್ದು ಹೇಗೆ? ಎಸ್‌ಎಪಿ ಅಳವಡಿಸಿದ ಹೊಸತರಲ್ಲಿ ಕೆಲಸ ನಿಲ್ಲದಿರಲೆಂದು ನಾಲ್ಕು ಜನರಿಗೆ ಕೊಟ್ಟ ಅಧಿಕಾರವನ್ನು ಯಾರೂ ಹಿಂದಕ್ಕೆ ಪಡೆದಿರಲಿಲ್ಲ. ಕೈಪಿಡಿ ಬದಲಾಯಿತು, ಬಳಕೆದಾರರ ಅನುಮತಿ ಬದಲಾಗಲಿಲ್ಲ. ಉಳಿದ 2,212ರಲ್ಲೂ ಎರಡು ಹೆಸರಿವೆ ಎಂದು ನಿಶ್ಚಿಂತರಾಗುವಂತಿಲ್ಲ. ಪೋಸ್ಟ್ ಮಾಡಿದವರ ಜಾಗದಲ್ಲಿ WF-BATCH ಎಂದಿದ್ದರೆ ಅದು ಯಂತ್ರದ ಹೆಸರು. ಒಪ್ಪಿದ ಮನುಷ್ಯ ಯಾರೆಂದು ವರ್ಕ್‌ಫ್ಲೋ ದಾಖಲೆಯಲ್ಲಿ ಹುಡುಕಬೇಕು. ಮೂರು ನಿಮಿಷದಲ್ಲಿ ನಲವತ್ತು ಎಂಟ್ರಿ ಒಪ್ಪಿದವರು ಯಾವುದನ್ನೂ ಓದಿರಲಾರರು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪಕ್ಕದವರಿಗೆ ಕೊಟ್ಟು ರಜೆ ಹೋಗುವ ಅಭ್ಯಾಸವನ್ನಂತೂ ಯಾವ ಟೇಬಲ್ಲೂ ತೋರಿಸುವುದಿಲ್ಲ.

2023ರ ಏಪ್ರಿಲ್ 1ರಿಂದ ಭಾರತದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ವ್ಯವಹಾರದ, ಪ್ರತಿ ತಿದ್ದುಪಡಿಯ ಜಾಡು ದಿನಾಂಕದೊಂದಿಗೆ ಉಳಿಯಬೇಕು, ಅದನ್ನು ನಿಲ್ಲಿಸಲು ಬರುವಂತಿರಬಾರದು ಎಂಬ ನಿಯಮ ಬಂದಿದೆ. ಸಣ್ಣ ಕಂಪನಿಗಳಲ್ಲಿ ಹಳೆಯ ವೋಚರನ್ನು ಸದ್ದಿಲ್ಲದೆ ತಿದ್ದುವ ಚಾಳಿಗೆ ಇದರಿಂದ ಅಡ್ಡಿಯಾಗಿದೆ. ಜಾಡನ್ನು ಯಾರೂ ಓದದಿದ್ದರೆ ಅದು ಡಿಸ್ಕಿನ ಜಾಗ ತಿನ್ನುವ ಕಡತವಷ್ಟೆ.

ಇಷ್ಟೆಲ್ಲ ಮಾಡಿದರೂ ಕಾಣದ ಮೋಸವೊಂದಿದೆ. ಹೈದರಾಬಾದಿನ ಸತ್ಯಂ ಕಂಪನಿಯ ಹಗರಣ 2009ರ ಜನವರಿಯಲ್ಲಿ ಹೊರಬಿತ್ತು. ಅಲ್ಲಿ ಏಳು ಸಾವಿರಕ್ಕೂ ಹೆಚ್ಚು ನಕಲಿ ಇನ್‌ವಾಯ್ಸ್‌ಗಳು ಲೆಕ್ಕಕ್ಕೆ ಸೇರಿದ್ದವೆಂದು ತನಿಖೆ ಹೇಳಿತು. ಅವು ಬಂದದ್ದು ಕೈಯಿಂದ ಹಾಕಿದ ಜರ್ನಲ್ ಎಂಟ್ರಿಯ ವೇಷದಲ್ಲಲ್ಲ, ಇನ್‌ವಾಯ್ಸ್ ನಿರ್ವಹಿಸುವ ವ್ಯವಸ್ಥೆಯ ಮೂಲಕವೇ. ‘ಸೂಪರ್ ಯೂಸರ್’ ಎಂಬ ವಿಶೇಷ ಲಾಗಿನ್ ಬಳಸಿ ಅವುಗಳನ್ನು ಕಂಪನಿಯ ಉಳಿದ ವಿಭಾಗಗಳ ಕಣ್ಣಿಗೆ ಬೀಳದಂತೆ ಮರೆಮಾಡಿದ್ದರು. ಲೆಡ್ಜರಿನಲ್ಲಿ ನಿಂತು ನೋಡಿದರೆ ಅದು ಯಂತ್ರವೇ ಹಾಕಿದ ಸಾಧಾರಣ ಮಾರಾಟದ ಎಂಟ್ರಿ. ನಮ್ಮ ಜರಡಿ ಅದನ್ನು ಮೊದಲ ಸುತ್ತಿನಲ್ಲೇ ಬಿಟ್ಟುಬಿಡುತ್ತದೆ. ಅದಕ್ಕೇ ಪೀಣ್ಯದ ಕಾರ್ಖಾನೆಯಲ್ಲಿ ಜರ್ನಲ್ ಕೆಲಸ ಮುಗಿಸಿ ಏಳುವ ಮುನ್ನ ಐಟಿ ವಿಭಾಗದಿಂದ ಇನ್ನೆರಡು ಪಟ್ಟಿ ಕೇಳಬೇಕು: ಎಲ್ಲ ಬಾಗಿಲೂ ತೆರೆಯುವ ಲಾಗಿನ್‌ಗಳು ಯಾರ ಬಳಿ ಇವೆ, ಮತ್ತು ಗೇಟಿನಿಂದ ಸರಕು ಹೊರಹೋದ ದಾಖಲೆಯಿಲ್ಲದ ಇನ್‌ವಾಯ್ಸ್‌ಗಳು ಯಾವುವು.