ಸಿರಿಂಜಿನ ಜೆಸಿಬಿ ನೋಡಲು ಬನ್ನಿ

ಫೆಬ್ರವರಿ ಕೊನೆಯ ವಾರ ಬಂತೆಂದರೆ ನಮ್ಮ ಹೈಸ್ಕೂಲುಗಳ ವರಾಂಡದಲ್ಲಿ ಥರ್ಮಾಕೋಲು, ಗೋಂದು, ಬಣ್ಣದ ಕಾಗದಗಳದ್ದೇ ರಾಜ್ಯ. 28ರಂದು ರಾಷ್ಟ್ರೀಯ ವಿಜ್ಞಾನ ದಿನ, ಅಂದೇ ವಿಜ್ಞಾನ ವಸ್ತುಪ್ರದರ್ಶನ. ಮಾದರಿಗಳೆಲ್ಲ ಸಿದ್ಧವಾದ ಮೇಲೆ, ಹಿಂದಿನ ದಿನ ಸಂಜೆ ಮೇಷ್ಟ್ರಿಗೆ ಸ್ವಾಗತ ಭಾಷಣದ ನೆನಪಾಗುತ್ತದೆ. ಧೈರ್ಯವಾಗಿ ಮಾತಾಡುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಕರೆದು ಹೋದ ವರ್ಷದ ಚೀಟಿ ಕೊಡುತ್ತಾರೆ. ಇಸವಿ ಮತ್ತು ಅತಿಥಿಗಳ ಹೆಸರು ಬದಲಾಯಿಸಿದರೆ ಕೆಲಸ ಮುಗಿಯಿತು.

ಆ ಚೀಟಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ‘ಈ ಶುಭ ಸಮಾರಂಭದ ಘನ ಅಧ್ಯಕ್ಷತೆಯನ್ನು ಅಲಂಕರಿಸಿರುವಂತಹ’ ಎಂದು ಶುರುವಾಗಿ ‘ಹೃತ್ಪೂರ್ವಕವಾಗಿ ಸ್ವಾಗತ ಬಯಸುತ್ತೇನೆ’ ಎಂದು ಮುಗಿಯುವ ಒಂದೇ ವಾಕ್ಯ, ವೇದಿಕೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಸಲ. ಹಾಲಿನ ಡೇರಿಯ ವಾರ್ಷಿಕ ಸಭೆಯಲ್ಲೂ ಗಣೇಶೋತ್ಸವದಲ್ಲೂ ಅದನ್ನೇ ಓದಬಹುದು. ಓದುವ ಹುಡುಗಿಗೂ ‘ಅಲಂಕರಿಸಿರುವಂತಹ’ ಎಂಬಲ್ಲಿ ನಾಲಗೆ ತೊಡರುತ್ತದೆ, ಏಕೆಂದರೆ ಅವಳು ಮನೆಯಲ್ಲಾಗಲಿ ತರಗತಿಯಲ್ಲಾಗಲಿ ಆ ಮಾತು ಆಡಿದವಳೇ ಅಲ್ಲ. ಹೊಸದಾಗಿ ಬರೆಯುವುದಾದರೆ ಚೀಟಿಯನ್ನು ಪಕ್ಕಕ್ಕಿಟ್ಟು, ಅವಳನ್ನು ಮೊದಲು ಮಾದರಿಗಳ ಮೇಜುಗಳ ಬಳಿ ಕಳಿಸಬೇಕು.

ಅಲ್ಲಿ ಅವಳಿಗೆ ಏನು ಸಿಗುತ್ತದೆ? ಎಂಟನೇ ತರಗತಿಯ ಹುಡುಗರು ಸಿರಿಂಜುಗಳಿಂದ ಜೆಸಿಬಿ ಮಾಡಿದ್ದಾರೆ ಎಂದುಕೊಳ್ಳೋಣ. ಎರಡು ಸಿರಿಂಜುಗಳ ನಡುವೆ ಸಣ್ಣ ಪ್ಲಾಸ್ಟಿಕ್ ಕೊಳವೆ, ಒಳಗೆ ಬಣ್ಣದ ನೀರು. ಈ ತುದಿಯಲ್ಲಿ ಒತ್ತಿದರೆ ಆ ತುದಿಯ ರಟ್ಟಿನ ತೋಳು ಮೇಲೇಳುತ್ತದೆ. ‘ಸುಲಭವಾಗಿ ಆಯ್ತಾ?’ ಎಂದು ಅವಳು ಕೇಳಿದರೆ ನಿಜವಾದ ಕಥೆ ಹೊರಬೀಳುತ್ತದೆ. ಮೊದಲ ದಿನ ಒತ್ತಿದರೂ ತೋಳು ಸರಿಯಾಗಿ ಏಳಲಿಲ್ಲ. ಕೊಳವೆಯೊಳಗೆ ಗಾಳಿಗುಳ್ಳೆ ಉಳಿದಿತ್ತು. ಗಾಳಿ ಕುಗ್ಗುತ್ತದೆ, ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಾಗಾಗಿ ಒತ್ತಿದ ಬಲವೆಲ್ಲ ಗುಳ್ಳೆಯನ್ನು ಹಿಂಡುವುದಕ್ಕೇ ಖರ್ಚಾಗುತ್ತಿತ್ತು. ಸಿರಿಂಜು, ಕೊಳವೆ ಎರಡನ್ನೂ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟೇ ಜೋಡಿಸಿದ ಮೇಲೆ ತೋಳು ಎದ್ದಿತು.

ಭಾಷಣಕ್ಕೆ ಬೇಕಾದದ್ದು ಈ ಗಾಳಿಗುಳ್ಳೆ. ‘ನಮ್ಮ ವಿದ್ಯಾರ್ಥಿಗಳು ಹಗಲಿರುಳು ಶ್ರಮಿಸಿ’ ಎಂಬ ಸಾಲು ಹೇಳಲಾಗದ್ದನ್ನು ಅದು ಒಂದೇ ಮಾತಿನಲ್ಲಿ ಹೇಳಿಬಿಡುತ್ತದೆ. ಇಂಥ ಕಥೆ ಒಂದಿದ್ದರೆ ಸಾಕು, ಎರಡಾದರೆ ಹೆಚ್ಚು. ಎಲ್ಲ ಮಾದರಿಗಳ ಪಟ್ಟಿ ಓದಿದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ, ಮೇಲಾಗಿ ಪಟ್ಟಿಯಲ್ಲಿ ಬಿಟ್ಟುಹೋದ ಮಗು ಮುಖ ಊದಿಸಿಕೊಳ್ಳುತ್ತದೆ.

ಇನ್ನು ಭಾಷಣ ಹೀಗಿರಬಹುದು. ಹೆಸರುಗಳನ್ನು ಬಿಟ್ಟು ಬರೆದಿದ್ದೇನೆ, ಆಯಾ ಶಾಲೆಯವರು ಸೇರಿಸಿಕೊಳ್ಳಲಿ.

“ಎಲ್ಲರಿಗೂ ನಮಸ್ಕಾರ. ನಾನು ಒಂಬತ್ತನೇ ತರಗತಿ ‘ಬಿ’ ವಿಭಾಗದವಳು. ನಮ್ಮ ಮನೆಗೆ ಯಾರಾದರೂ ಬಂದರೆ ಅಮ್ಮ ಮೊದಲು ನೀರು ಕೊಡುತ್ತಾರೆ. ಇವತ್ತು ನಾವೂ ನೀರನ್ನೇ ಇಟ್ಟಿದ್ದೇವೆ, ಆದರೆ ಸಿರಿಂಜಿನೊಳಗೆ. ಅದು ಜೆಸಿಬಿಯ ತೋಳು ಎತ್ತುತ್ತದೆ. ಮೊದಲ ದಿನ ಎತ್ತಲಿಲ್ಲ. ಒಳಗೆ ಒಂದು ಗಾಳಿಗುಳ್ಳೆ ಸೇರಿಕೊಂಡಿತ್ತು. ಅದನ್ನು ಹೇಗೆ ಓಡಿಸಿದರು ಅಂತ ಎಂಟನೇ ತರಗತಿಯವರನ್ನೇ ಕೇಳಿ, ಎಡಗಡೆಯ ಮೊದಲ ಮೇಜಿನಲ್ಲಿ ಇದ್ದಾರೆ.

ಈ ದಿನದ ಅಧ್ಯಕ್ಷತೆ ವಹಿಸಿರುವ ನಮ್ಮ ಮುಖ್ಯೋಪಾಧ್ಯಾಯರಿಗೆ ಸ್ವಾಗತ. ಕಾರ್ಯಕ್ರಮ ಉದ್ಘಾಟಿಸಲು ಬಂದಿರುವ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸ್ವಾಗತ. ಸರ್, ನಮ್ಮ ಮಾದರಿಗಳನ್ನು ಮುಟ್ಟಿ ನೋಡಬಹುದು. ನಮ್ಮ ಎಸ್‌ಡಿಎಂಸಿ ಅಧ್ಯಕ್ಷರಿಗೂ ಸದಸ್ಯರಿಗೂ ಸ್ವಾಗತ. ಈ ಮೇಜುಗಳಿಗೆ ಕರೆಂಟು ಎಳೆಸಿಕೊಟ್ಟವರು ಅವರೇ. ಕೆಲಸ ಬಿಟ್ಟು ಬಂದಿರುವ ಅಪ್ಪ ಅಮ್ಮಂದಿರಿಗೆ, ಅಜ್ಜ ಅಜ್ಜಿಯರಿಗೆ ಸ್ವಾಗತ. ನಮಗೆ ಕಲಿಸಿದ ಗುರುಗಳಿಗೆ, ಬಕೆಟ್ಟು ಕೊಟ್ಟ ಅಡುಗೆ ಅಕ್ಕಂದಿರಿಗೆ ಸ್ವಾಗತ.

1928ರಲ್ಲಿ ಇದೇ ಫೆಬ್ರವರಿ 28ರಂದು ಸರ್ ಸಿ.ವಿ. ರಾಮನ್ ತಮ್ಮ ಶೋಧನೆಯನ್ನು ಪ್ರಕಟಿಸಿದರು. ದ್ರವದೊಳಗೆ ಹಾದು ಚದುರಿದ ಬೆಳಕಿನಲ್ಲಿ ಸ್ವಲ್ಪ ಭಾಗ ತನ್ನ ಬಣ್ಣ ಬದಲಿಸುತ್ತದೆ ಎಂದು ಅವರು ತೋರಿಸಿದರು. ಅವರ ಆರಂಭದ ಪ್ರಯೋಗಗಳಲ್ಲಿ ಬೆಳಕು ಕೊಟ್ಟಿದ್ದು ಸೂರ್ಯನೇ. ಆ ಬಿಸಿಲು ಇವತ್ತು ನಮ್ಮ ಮೈದಾನದಲ್ಲೂ ಇದೆ. ಬಿಸಿಲು ಏರುವ ಮೊದಲು ನಾನು ಮಾತು ಮುಗಿಸುತ್ತೇನೆ. ನೋಡುವಾಗ ನಮ್ಮನ್ನು ಪ್ರಶ್ನೆ ಕೇಳಿ. ಉತ್ತರ ಬಾರದಿದ್ದರೆ ಬರೆದಿಟ್ಟುಕೊಂಡು ನಮ್ಮ ವಿಜ್ಞಾನ ಮೇಡಂ ಹತ್ತಿರ ಕೇಳುತ್ತೇವೆ. ಎಲ್ಲರೂ ಬನ್ನಿ.”

ನಿಧಾನವಾಗಿ ಓದಿದರೂ ಇದು ಮೂರು ನಿಮಿಷದೊಳಗೆ ಮುಗಿಯುತ್ತದೆ. ಶಿಷ್ಟಾಚಾರ ಎಲ್ಲೂ ತಪ್ಪಿಲ್ಲ. ಅಧ್ಯಕ್ಷರು, ಉದ್ಘಾಟಕರು, ಅತಿಥಿಗಳು ಎಂಬ ಆಹ್ವಾನ ಪತ್ರಿಕೆಯ ಅನುಕ್ರಮವೇ ಇಲ್ಲೂ ಇದೆ. ಆ ಕ್ರಮ ಕದಲಿಸಬಾರದು, ಹಳ್ಳಿಯಲ್ಲಂತೂ ಹೆಸರು ಹಿಂದೆಮುಂದೆಯಾದರೆ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಬದಲಾಗಿರುವುದು ವಿಶೇಷಣಗಳು. ‘ಘನ’, ‘ಸನ್ಮಾನ್ಯ’ಗಳ ಜಾಗದಲ್ಲಿ ಆ ವ್ಯಕ್ತಿಗೂ ಆ ದಿನಕ್ಕೂ ಇರುವ ಒಂದು ನಿಜವಾದ ನಂಟು ಬಂದಿದೆ. ಕರೆಂಟು ಎಳೆಸಿಕೊಟ್ಟವರು ಎಂದಾಗ ಆ ಅಧ್ಯಕ್ಷರು ಕುರ್ಚಿಯಲ್ಲಿ ಒಮ್ಮೆ ನೆಟ್ಟಗಾಗುವುದು ಖಂಡಿತ. ಆದರೆ ಆ ನಂಟು ನಿಜವಿರಬೇಕು, ಇಲ್ಲದಿದ್ದರೆ ಬರಿ ‘ಸ್ವಾಗತ’ವೇ ಲೇಸು. ಮೆಚ್ಚುಗೆಯನ್ನು ಉದ್ದ ಎಳೆಯುವುದೂ ಬೇಡ, ಕೊನೆಯಲ್ಲಿ ವಂದನಾರ್ಪಣೆ ಮಾಡುವ ಮಗುವಿಗೆ ಏನಾದರೂ ಉಳಿಯಬೇಕಲ್ಲ.

ರಾಮನ್ ವಿಷಯದಲ್ಲಿ ಒಂದು ಎಚ್ಚರ. ಫೆಬ್ರವರಿ 28 ಅವರ ಜನ್ಮದಿನ ಎಂದು ವೇದಿಕೆಯಿಂದ ಹೇಳುವುದುಂಟು. ಅವರು ಹುಟ್ಟಿದ್ದು 1888ರ ನವೆಂಬರ್ 7ರಂದು. ಈ ಶೋಧನೆ ಆದದ್ದು ಕೋಲ್ಕತ್ತದಲ್ಲಿ, ಬೆಂಗಳೂರಿಗೆ ಅವರು ಬಂದದ್ದು 1933ರಲ್ಲಿ. ವಿಜ್ಞಾನದ ಸಭೆಯಲ್ಲೇ ಇಂಥದ್ದು ತಪ್ಪಿದರೆ ಮುಂದಿನ ಸಾಲಿನಲ್ಲಿ ಕೂತ ವಿಜ್ಞಾನ ಶಿಕ್ಷಕರಿಗೆ ಕಸಿವಿಸಿ.

ಬರೆದದ್ದನ್ನು ಬಾಯಿಪಾಠ ಮಾಡಿಸುವುದು ನನಗೆ ಹಿಡಿಸದ ಪದ್ಧತಿ. ಬಾಯಿಪಾಠದ ಮಗು ಒಂದು ಪದ ಮರೆತರೆ ಇಡೀ ಸಾಲೇ ಮರೆಯುತ್ತದೆ, ಮತ್ತೆ ‘ಎಲ್ಲರಿಗೂ ನಮಸ್ಕಾರ’ದಿಂದ ಶುರು ಮಾಡುತ್ತದೆ. ಹೆಸರು, ಹುದ್ದೆ, ಇಸವಿಗಳನ್ನು ಮಾತ್ರ ದೊಡ್ಡಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆದುಕೊಡಿ, ಉಳಿದದ್ದನ್ನು ಅವಳ ಮಾತಿನಲ್ಲೇ ಹೇಳಲಿ. ತೆಳು ಹಾಳೆ ಕೈನಡುಕವನ್ನು ಎಲ್ಲರಿಗೂ ತೋರಿಸಿಬಿಡುತ್ತದೆ, ರಟ್ಟು ತೋರಿಸುವುದಿಲ್ಲ. ಹಿಂದಿನ ದಿನ ಗೆಳತಿಯೊಬ್ಬಳು ಮೈದಾನದ ಕೊನೆಯಲ್ಲಿ ನಿಂತು ಕೇಳಲಿ. ಯಾವ ಪದ ಅವಳಿಗೆ ಕೇಳಿಸಲಿಲ್ಲವೋ, ಯಾವ ಪದದಲ್ಲಿ ಇವಳು ಎಡವಿದಳೋ ಅವನ್ನು ಬದಲಿಸಿ.

ಅತಿಥಿಗಳ ಹೆಸರನ್ನು ಪೆನ್ಸಿಲಿನಲ್ಲಿ ಬರೆಯುವುದು ಕ್ಷೇಮ. ಉದ್ಘಾಟಕರು ಬರಲಾಗದೆ ತಮ್ಮ ಪರವಾಗಿ ಇನ್ನೊಬ್ಬರನ್ನು ಕಳಿಸುವುದು ನಮ್ಮಲ್ಲಿ ಅಪರೂಪವಲ್ಲ. ಮುಖ್ಯೋಪಾಧ್ಯಾಯರು ಕೊನೆ ಗಳಿಗೆಯಲ್ಲಿ ಬಂದು ಹೊಸ ಹೆಸರನ್ನು ಕಿವಿಯಲ್ಲಿ ಉಸುರಿದರೆ, ಅದನ್ನು ಬರೆದುಕೊಂಡು ಅವರಿಗೇ ಒಮ್ಮೆ ಓದಿ ಹೇಳಿ ಖಚಿತ ಮಾಡಿಕೊಂಡ ನಂತರವೇ ಮೈಕಿನ ಮುಂದೆ ಹೋಗಬೇಕು.