ರೆಫರಲ್ ಬೋನಸ್: ಜನವರಿಯಲ್ಲಿ ಕೊಟ್ಟ ಹೆಸರು, ಆಗಸ್ಟ್‌ನಲ್ಲಿ ಬರುವ ಹಣ

“ನಮ್ಮ ಟೀಮಲ್ಲಿ ಓಪನಿಂಗ್ ಇದೆ. ಗೊತ್ತಿರೋರು ಯಾರಾದ್ರೂ ಇದ್ರೆ ರೆಸ್ಯೂಮೆ ಕಳಿಸಿ. ರೆಫರಲ್ ಬೋನಸ್ ಕೂಡ ಇದೆ!” ಬೆಂಗಳೂರಿನ ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸಾಫ್ಟ್‌ವೇರ್ ಕಂಪನಿಗಳ ಒಳಗುಂಪುಗಳಲ್ಲಿ ಇಂಥ ಪೋಸ್ಟ್‌ಗಳು ಆಗಾಗ ಬರುತ್ತಲೇ ಇರುತ್ತವೆ. ಬರೆದವರು ಎಚ್‌ಆರ್ ವಿಭಾಗದವರಲ್ಲ, ಕೆಲಸ ಹೆಚ್ಚಾಗಿ ಕೈ ಸಾಲದ ತಂಡದ ಒಬ್ಬ ಉದ್ಯೋಗಿ. ಓದಿದ ನಾಲ್ಕು ಜನ ಲೈಕ್ ಒತ್ತುತ್ತಾರೆ, ಇಬ್ಬರು “ಎಷ್ಟು ಬೋನಸ್?” ಎಂದು ಕೇಳುತ್ತಾರೆ, ಅಲ್ಲಿಗೆ ಮುಗಿಯಿತು. ರೆಸ್ಯೂಮೆ ಮಾತ್ರ ಬರುವುದಿಲ್ಲ.

ಓದುವವನಿಗೆ ಬೇಕಾದದ್ದು ಅದರಲ್ಲಿ ಇಲ್ಲದಿರುವುದೇ ಕಾರಣ. ಯಾವ ಕೆಲಸ, ಎಷ್ಟು ವರ್ಷದ ಅನುಭವ, ಯಾವ ಊರು, ಹೆಸರನ್ನು ಎಲ್ಲಿ ಕೊಡಬೇಕು, ಹಣ ಯಾವಾಗ ಬರುತ್ತದೆ ಎಂಬುದು ತಿಳಿಯದೆ ಯಾರೂ ತಮ್ಮ ಹಳೆಯ ಸಹೋದ್ಯೋಗಿಗೆ ಫೋನ್ ಮಾಡುವುದಿಲ್ಲ. ಅದೇ ಪೋಸ್ಟನ್ನು ಹೀಗೆ ಬರೆಯಬಹುದಿತ್ತು:

“ಪೇಮೆಂಟ್ಸ್ ತಂಡಕ್ಕೆ ಇಬ್ಬರು ಟೆಸ್ಟ್ ಎಂಜಿನಿಯರ್‌ಗಳು ಬೇಕು. ನಾಲ್ಕರಿಂದ ಏಳು ವರ್ಷ ಅನುಭವ. ಜಾವಾ ಮತ್ತು ಆಟೊಮೇಷನ್ ಟೆಸ್ಟಿಂಗ್ ಗೊತ್ತಿರಬೇಕು. ಬೆಂಗಳೂರು, ವಾರಕ್ಕೆ ಮೂರು ದಿನ ಆಫೀಸ್. ಜಾಬ್ ಐಡಿ ಕೆಳಗಿದೆ. ಮೊದಲು ಅವರ ಒಪ್ಪಿಗೆ ಕೇಳಿ, ಆಮೇಲೆ ಪೋರ್ಟಲ್‌ನಲ್ಲಿ ನೀವೇ ರೆಫರ್ ಮಾಡಿ. ಅವರು ನೇರವಾಗಿ ಅರ್ಜಿ ಹಾಕಿದರೆ ಬೋನಸ್ ಸಿಗುವುದಿಲ್ಲ. ಬೋನಸ್ 50,000 ರೂಪಾಯಿ, ಸೇರಿದವರು 90 ದಿನ ಪೂರೈಸಿದ ಮೇಲೆ ಸಂಬಳದ ಜೊತೆ ಬರುತ್ತದೆ, ತೆರಿಗೆ ಕಡಿತವಾಗುತ್ತದೆ. ಕೆಲಸದ ಬಗ್ಗೆ ಏನು ಕೇಳುವುದಿದ್ದರೂ ನನಗೆ ಮೆಸೇಜ್ ಮಾಡಿ.”

ಇದು ಮಾದರಿ ಮಾತ್ರ. ಮೊತ್ತವೂ ದಿನಗಳ ಲೆಕ್ಕವೂ ಕಂಪನಿಯಿಂದ ಕಂಪನಿಗೆ ಬೇರೆ. ಕೆಲವೆಡೆ ಅರ್ಧ ಹಣ ಹೊಸಬರು ಸೇರಿದ ತಿಂಗಳೇ ಬರುತ್ತದೆ, ಉಳಿದರ್ಧ ಆರು ತಿಂಗಳಿಗೆ. ಆದರೆ ಈ ಏಳೆಂಟು ಸಾಲಿನಲ್ಲಿ ತೂಕದ ಸಾಲು ಒಂದೇ: “ಪೋರ್ಟಲ್‌ನಲ್ಲಿ ನೀವೇ ರೆಫರ್ ಮಾಡಿ.” ರೆಫರಲ್ ಹಣ ಕೈತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ.

ಅಭ್ಯರ್ಥಿಗಳ ಮಾಹಿತಿ ಇಡುವ ತಂತ್ರಾಂಶ ಒಬ್ಬ ವ್ಯಕ್ತಿಯನ್ನು ಗುರುತಿಸುವುದು ಸಾಮಾನ್ಯವಾಗಿ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯಿಂದ. ಆ ಸಂಖ್ಯೆ ಯಾವ ದಾರಿಯಿಂದ ಮೊದಲು ಒಳಬಂತೋ ಆ ದಾರಿಯ ಹೆಸರಿಗೇ ಅಭ್ಯರ್ಥಿ ದಾಖಲಾಗುತ್ತಾನೆ. ಮೂರು ತಿಂಗಳ ಹಿಂದೆ ಕನ್ಸಲ್ಟೆನ್ಸಿಯೊಂದು ಅದೇ ರೆಸ್ಯೂಮೆ ಕಳಿಸಿದ್ದರೆ ಈಗ ರೆಫರ್ ಮಾಡಿದವರಿಗೆ ಹಕ್ಕಿಲ್ಲ. ಈ ಹಕ್ಕಿಗೆ ಅವಧಿಯೂ ಇರುತ್ತದೆ, ಹಲವು ಕಡೆ ಆರು ತಿಂಗಳು. ಇನ್ನೊಂದು ಎಡವಟ್ಟು ಇದಕ್ಕಿಂತ ಸಾಮಾನ್ಯ. ಉದ್ಯೋಗಿ ಪೋರ್ಟಲ್‌ನಲ್ಲಿ ಹೆಸರು ಕೊಟ್ಟ ಮೇಲೆ ಅಭ್ಯರ್ಥಿಗೆ ಒಂದು ಲಿಂಕ್ ಇಮೇಲ್‌ನಲ್ಲಿ ಹೋಗುತ್ತದೆ. ಅದು ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿರುತ್ತದೆ. ಅವಸರದ ಗೆಳೆಯ ಕಂಪನಿಯ ವೆಬ್‌ಸೈಟಿಗೆ ನೇರವಾಗಿ ಹೋಗಿ ಅರ್ಜಿ ತುಂಬಿಬಿಡುತ್ತಾನೆ. ಕೆಲಸ ಅವನಿಗೆ ಸಿಗಬಹುದು, ಬೋನಸ್ ಇವನಿಗೆ ಸಿಗುವುದಿಲ್ಲ. ಇದನ್ನು ತಿಳಿಯಲು ಆಗಸ್ಟ್‌ವರೆಗೆ ಕಾಯಬೇಕಾಗಿಲ್ಲ. ರೆಫರ್ ಮಾಡಿದ ಮರುದಿನ ಪೋರ್ಟಲ್‌ನ “ನನ್ನ ರೆಫರಲ್‌ಗಳು” ಪುಟದಲ್ಲಿ ಗೆಳೆಯನ ಹೆಸರೂ ಸರಿಯಾದ ಜಾಬ್ ಐಡಿಯೂ ಇದೆಯೇ ಎಂದು ನೋಡಿದರೆ ಸಾಕು. ಇಲ್ಲದಿದ್ದರೆ ಇಂಟರ್‌ವ್ಯೂ ಶುರುವಾಗುವ ಮೊದಲೇ ಎಚ್‌ಆರ್‌ಗೆ ಬರೆಯಬೇಕು. ಆಫರ್ ಲೆಟರ್ ಕೈಸೇರಿದ ಮೇಲೆ ಕೇಳಿದರೆ ಯಾರೂ ದಾಖಲೆ ತಿದ್ದಲು ಒಪ್ಪುವುದು ಕಷ್ಟ.

ಈಗ ಒಂದು ಲೆಕ್ಕ ಹಾಕಿ ನೋಡೋಣ. ಜನವರಿ 10ರಂದು ರೆಫರಲ್ ಹೋಯಿತು ಎಂದುಕೊಳ್ಳಿ. ಮೂರು ಸುತ್ತಿನ ಇಂಟರ್‌ವ್ಯೂ ಮುಗಿದು ಫೆಬ್ರುವರಿ ಮೊದಲ ವಾರ ಆಫರ್ ಬಂತು. ಗೆಳೆಯ ಫೆಬ್ರುವರಿ 10ಕ್ಕೆ ರಾಜೀನಾಮೆ ಕೊಟ್ಟ. ಅವನ ಈಗಿನ ಕಂಪನಿಯ ನೋಟಿಸ್ ಪೀರಿಯಡ್ 90 ದಿನ, ಐಟಿಯಲ್ಲಿ ಇದು ಅಪರೂಪವಲ್ಲ. ಹೊಸ ಕೆಲಸಕ್ಕೆ ಸೇರುವ ಹೊತ್ತಿಗೆ ಮೇ ತಿಂಗಳ ನಡುಭಾಗ. ಅಲ್ಲಿಂದ 90 ದಿನವೆಂದರೆ ಆಗಸ್ಟ್ ಎರಡನೇ ವಾರ. ಹಣ ಬರುವುದು ಆಗಸ್ಟ್ ಕೊನೆಯ ಸಂಬಳದಲ್ಲಿ; ಆ ತಿಂಗಳ ಸಂಬಳದ ಪಟ್ಟಿ ಅಷ್ಟರಲ್ಲಿ ಮುಚ್ಚಿದ್ದರೆ ಸೆಪ್ಟೆಂಬರ್‌ನಲ್ಲಿ. ಈ ನಡುವೆ ಗೆಳೆಯ ಇನ್ನೊಂದು ಆಫರ್ ಹಿಡಿದು ಬಾರದೇ ಇದ್ದರೆ ಏನೂ ಇಲ್ಲ. ರೆಫರ್ ಮಾಡಿದವರೇ ಜುಲೈನಲ್ಲಿ ರಾಜೀನಾಮೆ ಕೊಟ್ಟರೂ ಅನೇಕ ಕಂಪನಿಗಳಲ್ಲಿ ಏನೂ ಇಲ್ಲ, ಯಾಕೆಂದರೆ ಹಣ ಪಾವತಿಯಾಗುವ ದಿನ ಅವರು ಕೆಲಸದಲ್ಲಿರಬೇಕು, ನೋಟಿಸ್‌ನಲ್ಲಿ ಇರಬಾರದು ಎಂಬ ನಿಯಮ.

ಬಂದರೂ ಪೂರ್ತಿ 50,000 ಬರುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ಇದು ಸಂಬಳದ ಭಾಗ, ಆದ್ದರಿಂದ ಟಿಡಿಎಸ್ ಕತ್ತರಿಸಿಯೇ ಕೊಡುತ್ತಾರೆ. 30 ಶೇಕಡಾ ತೆರಿಗೆ ಹಂತದಲ್ಲಿರುವವರಿಗೆ ಸೆಸ್ ಸೇರಿ 31.2 ಶೇಕಡಾ, ಅಂದರೆ 15,600 ರೂಪಾಯಿ ಹೋಗಿ 34,400 ಕೈಗೆ ಬರುತ್ತದೆ. 20 ಶೇಕಡಾ ಹಂತದವರಿಗೆ 39,600. ಪೋಸ್ಟ್‌ನಲ್ಲಿ “ತೆರಿಗೆ ಕಡಿತವಾಗುತ್ತದೆ” ಎಂಬ ಎರಡು ಪದ ಇದ್ದರೆ ಸಂಬಳದ ಚೀಟಿ ನೋಡಿ ಯಾರಿಗೂ ಮೋಸಹೋದಂತೆ ಅನ್ನಿಸುವುದಿಲ್ಲ.

ಕಂಪನಿ ಇಷ್ಟು ಹಣ ಯಾಕೆ ಕೊಡುತ್ತದೆ? ಕನ್ಸಲ್ಟೆನ್ಸಿಗಳು ಸಾಮಾನ್ಯವಾಗಿ ಕೇಳುವ ದರ ಅಭ್ಯರ್ಥಿಯ ವಾರ್ಷಿಕ ಸಂಬಳದ 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳ. 12 ಲಕ್ಷದ ಹುದ್ದೆಗೆ ಅದು ಸುಮಾರು ಒಂದು ಲಕ್ಷ, ಮೇಲೆ ಜಿಎಸ್‌ಟಿ ಬೇರೆ. ಉದ್ಯೋಗಿಗೆ ಅರ್ಧ ಲಕ್ಷ ಕೊಟ್ಟರೂ ಉಳಿತಾಯವೇ. ತಾನು ಹೆಸರು ಕೊಟ್ಟವನ ಕೆಲಸ ಚೆನ್ನಾಗಿಲ್ಲದಿದ್ದರೆ ಕ್ಯಾಂಟೀನಿನಲ್ಲಿ ಮುಖ ಎತ್ತುವುದು ಕಷ್ಟ ಎಂಬ ಅಂಜಿಕೆ ಉದ್ಯೋಗಿಗೆ ಇರುತ್ತದೆ. ಕಂಪನಿ ನೆಚ್ಚಿಕೊಂಡಿರುವುದು ಅದನ್ನೂ ಹೌದು.

ಯಾರನ್ನು ನೆನಪು ಮಾಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಕೊಟ್ಟ ಉತ್ತರ ಇಂದಿಗೂ ಉಪಯುಕ್ತ. ಪರಿಚಯದ ಮೂಲಕ ಕೆಲಸ ಪಡೆದವರನ್ನು, ಆ ಪರಿಚಿತರನ್ನು ಎಷ್ಟು ಬಾರಿ ಭೇಟಿಯಾಗುತ್ತಿದ್ದಿರಿ ಎಂದು ಅವರು ಕೇಳಿದ್ದರು. ಆಗಾಗ ಎಂದವರು ಕೇವಲ 16.7 ಶೇಕಡಾ; ಉಳಿದವರೆಲ್ಲ ಅಪರೂಪಕ್ಕೋ ಯಾವಾಗಲಾದರೊಮ್ಮೆಯೋ ಎಂದರು. ದಿನವೂ ಜೊತೆಗೆ ಊಟ ಮಾಡುವವರಿಗೆ ನಮಗೆ ಗೊತ್ತಿರುವ ಸುದ್ದಿಯೇ ಗೊತ್ತಿರುತ್ತದೆ. ಹಾಗಾಗಿ “ಹಿಂದಿನ ಕಂಪನಿಯಲ್ಲಿ ನಿಮ್ಮ ಕೋಡ್ ಟೆಸ್ಟ್ ಮಾಡುತ್ತಿದ್ದವರು ಯಾರು?” ಎಂದು ಪೋಸ್ಟ್‌ನಲ್ಲಿ ಕೇಳುವುದು “ಗೊತ್ತಿರೋರು ಇದ್ರೆ ಹೇಳಿ” ಎನ್ನುವುದಕ್ಕಿಂತ ಹೆಚ್ಚು ಹೆಸರು ತರುತ್ತದೆ.

ಇದರ ಕೊರತೆಯೂ ಇಲ್ಲಿಯೇ ಇದೆ. ಪರಿಚಯಸ್ಥರು ಪರಿಚಯಸ್ಥರನ್ನೇ ತಂದರೆ ತಂಡದಲ್ಲಿ ಒಂದೇ ಕಾಲೇಜು, ಒಂದೇ ಹಿಂದಿನ ಕಂಪನಿಯ ಮುಖಗಳು ತುಂಬಿಕೊಳ್ಳುತ್ತವೆ. ಯಾರ ಪರಿಚಯವೂ ಇಲ್ಲದ ಜಾಣ ಹುಡುಗಿ ಹೊರಗೇ ಉಳಿಯುತ್ತಾಳೆ. ಅಮೆರಿಕದಲ್ಲಿ ಇಂಟೆಲ್ 2015ರಲ್ಲಿ ಮಹಿಳೆಯರು, ಅಲ್ಪಸಂಖ್ಯಾತರು ಮತ್ತು ಮಾಜಿ ಸೈನಿಕರನ್ನು ರೆಫರ್ ಮಾಡಿದವರಿಗೆ ಬೋನಸ್ ದುಪ್ಪಟ್ಟು ಮಾಡಿ 4,000 ಡಾಲರ್ ವರೆಗೆ ಏರಿಸಿದ್ದು ಇದನ್ನು ಸರಿಪಡಿಸಲೆಂದೇ.

ಮತ್ತೊಂದು ಕಡೆ, ರೆಫರಲ್ ಮಾರುವವರೂ ಇದ್ದಾರೆ. ಕೆಲಸ ಹುಡುಕುತ್ತಿರುವ ಅಪರಿಚಿತರಿಂದ ಹಣ ಪಡೆದು ಪೋರ್ಟಲ್‌ನಲ್ಲಿ ಹೆಸರು ಹಾಕುವುದು ಉದ್ಯೋಗಿಯ ಕೆಲಸಕ್ಕೇ ಕುತ್ತು ತರುವ ತಪ್ಪು. ರೆಫರಲ್‌ನಿಂದ ಹೆಚ್ಚೆಂದರೆ ರೆಸ್ಯೂಮೆಯನ್ನು ಒಬ್ಬರು ಓದುವಂತಾಗುತ್ತದೆ, ಇಂಟರ್‌ವ್ಯೂ ಪಾಸಾಗುವುದಿಲ್ಲ. ಹಣ ಕೇಳುವವರು ಇದನ್ನು ಹೇಳುವುದಿಲ್ಲ. ಎಚ್‌ಆರ್‌ನವರಿಗೂ, ಹುದ್ದೆ ತುಂಬುವ ಮ್ಯಾನೇಜರ್‌ಗೂ ಬೋನಸ್ ಇಲ್ಲ ಎಂಬ ಸಾಮಾನ್ಯ ನಿಯಮದ ಹಿಂದಿನ ಕಾರಣ ಸರಳ: ಆಯ್ಕೆ ಮಾಡುವವರಿಗೇ ಆಯ್ಕೆಯಿಂದ ಲಾಭವಾಗಬಾರದು. ಸಂಬಂಧಿಕರನ್ನು ರೆಫರ್ ಮಾಡುವಾಗ ಸಂಬಂಧವನ್ನು ಮೊದಲೇ ತಿಳಿಸಬೇಕೆಂದು ಕೇಳುವುದೂ ಇದೇ ಕಾರಣಕ್ಕೆ.

ಪೋಸ್ಟ್ ಬರೆದವರಿಗೆ ಉಳಿಯುವ ಕೆಲಸ ಇನ್ನೊಂದಿದೆ. ಹುದ್ದೆ ತುಂಬಿದ ದಿನ ಅದೇ ಪೋಸ್ಟ್‌ನ ಮೇಲೆ “ಭರ್ತಿಯಾಗಿದೆ” ಎಂದು ಸೇರಿಸಬೇಕು, ಹೆಸರು ಕೊಟ್ಟವರಿಗೆ ಅವರ ಗೆಳೆಯರ ಅರ್ಜಿ ಎಲ್ಲಿಗೆ ಬಂದು ನಿಂತಿತೆಂದು ಒಂದು ಸಾಲು ಬರೆಯಬೇಕು. ಉತ್ತರವೇ ಬಾರದ ಗುಂಪಿನಲ್ಲಿ ಮುಂದಿನ ಓಪನಿಂಗ್‌ಗೆ ಬೋನಸ್ ಎಷ್ಟೇ ಏರಿಸಿದರೂ ಯಾರೂ ಇನ್ನೊಬ್ಬರಿಗೆ ಫೋನ್ ಮಾಡಿ ರೆಸ್ಯೂಮೆ ಕೇಳಲು ಹೋಗುವುದಿಲ್ಲ.